ಸಲೈನ್ ಖಾನೆಯಲ್ಲಿ ಪೊಟ್ಯಾಸಿಯಂ: ಕೂದಲೆಳೆಯಲ್ಲಿ ತಪ್ಪಿದ ಅನಾಹುತದ ಕೇಸ್ ರಿಪೋರ್ಟ್

ವರದಿ: ಬಿಎಸ್ಸಿ ನರ್ಸಿಂಗ್ 3ನೇ ವರ್ಷ, ಮೆಡಿಕಲ್ ವಾರ್ಡ್ ಪೋಸ್ಟಿಂಗ್

ನಡೆದದ್ದು

ನೈಟ್ ಡ್ಯೂಟಿ, ಬೆಳಗಿನ 5:40. ನ್ಯುಮೋನಿಯಾ ಇದ್ದ 58 ವರ್ಷದ ಮಹಿಳೆಗೆ ಸೆಫ್ಟ್ರಿಯಾಕ್ಸೋನ್ ಆಂಟಿಬಯೋಟಿಕ್ ಕೊಡಬೇಕಿತ್ತು. ಅದಕ್ಕೂ ಮೊದಲು ರಕ್ತನಾಳದಲ್ಲಿರುವ ಕ್ಯಾನುಲಾವನ್ನು ಸಲೈನ್‌ನಿಂದ ಫ್ಲಶ್ ಮಾಡಬೇಕು. ಟ್ರೇಯ ಸಲೈನ್ ಖಾನೆಯಿಂದ 10 ಎಂಎಲ್ ಪ್ಲಾಸ್ಟಿಕ್ ಆಂಪೂಲ್ ಒಂದನ್ನು ತೆಗೆದುಕೊಂಡೆ. ರೋಗಿಗಳು ಮಲಗಿದ್ದರು, ಬೆಡ್ ಲೈಟ್ ಹಾಕಿರಲಿಲ್ಲ. ಟ್ರೇಯಲ್ಲಿ ಸಿರಿಂಜ್‌ಗಳು ಮುಗಿದಿದ್ದರಿಂದ ಆಂಪೂಲ್ ಕೈಯಲ್ಲಿಟ್ಟುಕೊಂಡೇ ನರ್ಸಿಂಗ್ ಸ್ಟೇಷನ್ ಪಕ್ಕದ ಟ್ರಾಲಿಗೆ ಹೋದೆ. ಟ್ಯೂಬ್‌ಲೈಟ್ ಕೆಳಗೆ ಓದಿದಾಗ ಕಂಡದ್ದು: ಪೊಟ್ಯಾಸಿಯಂ ಕ್ಲೋರೈಡ್ 15%.

ಒಂದು ಆಂಪೂಲ್‌ನಲ್ಲಿ 20 ಎಂಇಕ್ಯು ಪೊಟ್ಯಾಸಿಯಂ. ಡೈಲ್ಯೂಟ್ ಮಾಡದೆ ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗಬಹುದು. ಸ್ಟಾಫ್ ಸಿಸ್ಟರ್‌ಗೆ ತೋರಿಸಿದೆ. ಅವರು ಟ್ರೇ ಬುಡಮೇಲು ಮಾಡಿದರು, ಇನ್ನೊಂದು ಸಿಕ್ಕಿತು. ರೋಗಿಗೆ ಏನೂ ಆಗಲಿಲ್ಲ.

ನನ್ನ ತಪ್ಪು ಎಲ್ಲಿಯವರೆಗೆ?

ಮೊದಲ ಡ್ರಾಫ್ಟ್‌ನಲ್ಲಿ "ವಿದ್ಯಾರ್ಥಿ ಲೇಬಲ್ ಓದಲಿಲ್ಲ" ಅಂತ ಬರೆದು ಮುಗಿಸಿದ್ದೆ. ನಿಜವೇ. ತೆಗೆದುಕೊಳ್ಳುವಾಗ ಓದಬೇಕಿತ್ತು, ಓದಲಿಲ್ಲ. ಆದರೆ ಇಲ್ಲಿಗೇ ನಿಲ್ಲಿಸಿದರೆ ನಾಳೆ ಅದೇ ಖಾನೆಗೆ ಇನ್ನೊಬ್ಬರ ಕೈ ಹೋಗುತ್ತೆ, ಅಲ್ವಾ? ಹಾಗಾಗಿ "ಯಾಕೆ" ಅಂತ ಕೇಳುತ್ತಾ ಹೋದೆ.

ಸಲೈನ್ ಖಾನೆಗೆ ಅದು ಹೇಗೆ ಬಂತು? ಹಿಂದಿನ ರಾತ್ರಿ ಇನ್ನೊಬ್ಬ ರೋಗಿಗೆ ಪೊಟ್ಯಾಸಿಯಂ ಇನ್ಫ್ಯೂಷನ್‌ಗೆಂದು ಮೂರು ಆಂಪೂಲ್ ತೆಗೆದಿದ್ದರು, ಒಂದೇ ಬಳಕೆಯಾಯ್ತು. ಉಳಿದದ್ದು ಟ್ರೇಗೆ ಯಾಕೆ? ರಾತ್ರಿ ಫಾರ್ಮಸಿಗೆ ವಾಪಸ್ ಕೊಡುವ ಪದ್ಧತಿಯೇ ಇಲ್ಲ, ಯಾರೋ ಕೈಗೆ ಸಿಕ್ಕ ಖಾನೆಗೆ ಹಾಕಿದ್ದಾರೆ. ಯಾರು ಅಂತ ನಾನು ಹುಡುಕಲಿಲ್ಲ, ಬೇಕಂತಲೇ. ಸರಿ, ಇಷ್ಟು ಅಪಾಯದ ಔಷಧ ವಾರ್ಡ್‌ನಲ್ಲಿ ಇರೋದಾದರೂ ಯಾಕೆ? ವಾರ್ಡ್ ಸ್ಟಾಕ್ ಲಿಸ್ಟ್‌ನಲ್ಲಿದೆ. ಆ ಲಿಸ್ಟ್ ಕೊನೆಗೆ ಪರಿಶೀಲಿಸಿದ್ದು ಯಾವಾಗ ಅಂದರೆ ಯಾರಿಗೂ ನೆನಪಿಲ್ಲ. ನನ್ನ ಪ್ರಕಾರ ಮೂಲ ಕಾರಣ ಇದು. ಒಂದೇ ತರಹ ಕಾಣುವ ಆಂಪೂಲ್, ಮಂದ ಬೆಳಕು, ನನ್ನ ಆತುರ, ಇವೆಲ್ಲ ಅದರ ಮೇಲೆ ಸೇರಿಕೊಂಡವು.

ಇನ್ನೊಂದು ಮಾತು, ಒಪ್ಪಿಕೊಳ್ಳೋಕೆ ಕಷ್ಟವಾದದ್ದು. ಇದನ್ನು ತಡೆದದ್ದು ಯಾವ ಚೆಕ್ಕೂ ಅಲ್ಲ. ಸಿರಿಂಜ್‌ಗಳು ಮುಗಿದಿದ್ದದ್ದು. ಟ್ರೇಯಲ್ಲಿ ಸಿರಿಂಜ್ ಇದ್ದಿದ್ದರೆ ನಾನು ಬೆಳಕಿಗೆ ಹೋಗುತ್ತಲೇ ಇರಲಿಲ್ಲ.

ಕ್ರಮಗಳು

ಇನ್ಸಿಡೆಂಟ್ ಫಾರ್ಮ್ ಅವತ್ತೇ ತುಂಬಿದೆವು. ವಾರ್ಡ್ ಇನ್‌ಚಾರ್ಜ್ ಪೊಟ್ಯಾಸಿಯಂ ಆಂಪೂಲ್‌ಗಳನ್ನು ಬೀಗದ ಕಪಾಟಿಗೆ ಹಾಕಿಸಿದರು. ನನ್ನ ಸಲಹೆ ಅದಕ್ಕಿಂತ ಮುಂದಿನದು: ಸ್ಟಾಕ್ ಲಿಸ್ಟ್‌ನಿಂದಲೇ ತೆಗೆಯಬೇಕು, ಬೇಕಾದಾಗ ಫಾರ್ಮಸಿಯಿಂದ ಡೈಲ್ಯೂಟ್ ಮಾಡಿದ ಬ್ಯಾಗ್ ಬರಬೇಕು, ಫ್ಲಶ್‌ಗೆ ಮೊದಲೇ ತುಂಬಿದ ಸಲೈನ್ ಸಿರಿಂಜ್ ಇಡಬೇಕು. ಟ್ರೇನಿಂಗ್ ಕ್ಲಾಸ್ ಮಾಡಿ ಅನ್ನೋದನ್ನು ಕೊನೆಗೆ ಇಟ್ಟಿದ್ದೇನೆ. "ಹುಷಾರಾಗಿರಿ" ಅನ್ನೋದು ಬೆಳಗಿನ ಐದೂವರೆಗೆ ಜಾಸ್ತಿ ಕೆಲಸ ಮಾಡಲ್ಲ.

ಎರಡು ವಾರ ಬಿಟ್ಟು ಅದೇ ಟ್ರೇ ನೋಡಿದೆ. ಪೊಟ್ಯಾಸಿಯಂ ಇರಲಿಲ್ಲ. ಸಲೈನ್ ಖಾನೆಯ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ನ ಒಂದು ವಯಲ್ ಇತ್ತು. ಎರಡನೇ ಫಾರ್ಮ್ ತುಂಬಿ ಕೊಟ್ಟಿದ್ದೇನೆ.