ಪೈಪ್ ಅಡುಗೆ ಗ್ಯಾಸ್ ಬಿಲ್: ಜೂನ್ 2025, ಫ್ಲ್ಯಾಟ್ ಬಿ-304

ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ, ಗ್ಯಾಸ್ ಸಮಿತಿ
ಜೆ.ಪಿ. ನಗರ 7ನೇ ಹಂತ, ಬೆಂಗಳೂರು

ಮೀಟರ್ ಸಂಖ್ಯೆ: 2241879
ಬಿಲ್ ದಿನಾಂಕ: 3 ಜುಲೈ 2025
ಪಾವತಿಗೆ ಕೊನೆಯ ದಿನ: 15 ಜುಲೈ 2025
ಹಿಂದಿನ ರೀಡಿಂಗ್ (1 ಜೂನ್): 412.386 ಘನ ಮೀಟರ್
ಈಗಿನ ರೀಡಿಂಗ್ (1 ಜುಲೈ): 417.694 ಘನ ಮೀಟರ್
ಬಳಕೆ: 5.308 ಘನ ಮೀಟರ್

| ಬಾಬ್ತು | ಲೆಕ್ಕ | ಮೊತ್ತ (₹) |
|---|---|---|
| ಗ್ಯಾಸ್ ಬಳಕೆ | 5.308 × 1.97 = 10.46 ಕೆಜಿ, ಕೆಜಿಗೆ ₹96 | 1,004.16 |
| ತಳ ಉಳಿಕೆ ಮತ್ತು ವ್ಯತ್ಯಾಸ | ಬಳಕೆಯ 2.36% = 0.25 ಕೆಜಿ, ಕೆಜಿಗೆ ₹96 | 24.00 |
| ಮೀಟರ್ ಬಾಡಿಗೆ | ₹42.37 + ಜಿಎಸ್‌ಟಿ ₹7.63 | 50.00 |
| ಗ್ಯಾಸ್ ಬ್ಯಾಂಕ್ ಮತ್ತು ಪೈಪ್‌ಲೈನ್ ನಿರ್ವಹಣೆ | ಜಿಎಸ್‌ಟಿ ಸೇರಿ | 73.75 |
| ಜೂನ್ ತಿಂಗಳ ಮೊತ್ತ | | 1,151.91 |
| ಏಪ್ರಿಲ್, ಮೇ ಬಿಲ್‌ಗಳಲ್ಲಿ ಹೆಚ್ಚಾಗಿ ಪಡೆದದ್ದು ವಾಪಸ್ | 2.99 ಕೆಜಿ; ಕೆಜಿಗೆ ₹96 | −287.04 |
| ಹಳೆಯ ಬಾಕಿ | | 0.00 |
| ಕಟ್ಟಬೇಕಾದದ್ದು | ರೂಪಾಯಿಗೆ ಸರಿಹೊಂದಿಸಿ | 865.00 |

ಈ ಸಲ ಪರಿವರ್ತನಾಂಕ ಬದಲಾಗಿದೆ. ಹಿಂದಿನ ಬಿಲ್‌ಗಳಲ್ಲಿ 2.30 ಇತ್ತು, ಇದರಲ್ಲಿ 1.97. ಹಾಗೆ ಯಾಕೆ, ಹಣ ಯಾಕೆ ವಾಪಸ್ ಬಂತು ಎನ್ನುವುದು ಪ್ರತಿ ಮನೆಗೂ ತಿಳಿದಿರಬೇಕು. ಹಾಗಾಗಿ ಕೆಳಗಿನ ವಿವರಣೆ ಉದ್ದವಾಗಿದೆ.

ಮೀಟರ್ ಓದುವುದು

ಕಪ್ಪು ಅಂಕೆಗಳು ಘನ ಮೀಟರ್, ಕೊನೆಯ ಮೂರು ಕೆಂಪು ಅಂಕೆಗಳು ಲೀಟರ್. 1,000 ಲೀಟರ್ ಸೇರಿದರೆ ಒಂದು ಘನ ಮೀಟರ್. ನಿಮ್ಮ ಮೀಟರಿನಲ್ಲಿ 00417 ಕಪ್ಪಿನಲ್ಲೂ 694 ಕೆಂಪಿನಲ್ಲೂ ಇದೆ. ರೀಡಿಂಗ್ ದಿನ ಮನೆ ಬೀಗ ಹಾಕಿದ್ದು ನೀವೇ ಫೋಟೋ ಕಳಿಸುವುದಾದರೆ ಮೀಟರ್ ಸಂಖ್ಯೆಯೂ ಕೆಂಪು ಅಂಕೆಗಳೂ ಕಾಣುವಂತಿರಲಿ. ನಾಲ್ಕು ಮೀಟರ್ ಒಂದೇ ಡಕ್ಟ್‌ನಲ್ಲಿರುವುದರಿಂದ ಪಕ್ಕದ ಮನೆಯ ಮೀಟರಿನ ಫೋಟೋ ಬರುವುದೇ ಹೆಚ್ಚು ಆಗುವ ತಪ್ಪು.

ಘನ ಮೀಟರ್ ಕೆಜಿ ಆಗುವುದು ಹೇಗೆ

ಸಿಲಿಂಡರ್ ನಮಗೆ ತೂಕದಲ್ಲಿ ಬರುತ್ತದೆ, ಮೀಟರ್ ಅಳೆಯುವುದು ಗಾತ್ರವನ್ನು. ಇವೆರಡನ್ನು ಜೋಡಿಸುವುದು ಪರಿವರ್ತನಾಂಕ, ಅಂದರೆ ಮೀಟರ್ ಮೂಲಕ ಹಾಯುವ ಒಂದು ಘನ ಮೀಟರ್ ಗ್ಯಾಸಿನ ತೂಕ. ಇದು ಎಲ್ಲ ಊರಿಗೂ ಒಂದೇ ಅಲ್ಲ. ಒತ್ತಡ ಹೆಚ್ಚಿದ್ದರೆ ಅದೇ ಗಾತ್ರದಲ್ಲಿ ಗ್ಯಾಸ್ ಹೆಚ್ಚು, ಬಿಸಿ ಹೆಚ್ಚಿದ್ದರೆ ಕಡಿಮೆ.

```
kg/m³ = P × M / (R × T)
      = 0.94 × 52 / (0.08314 × 298)
      = 1.97
```

0.94 ಎನ್ನುವುದು ಬಾರ್ ಲೆಕ್ಕದಲ್ಲಿ ಒಟ್ಟು ಒತ್ತಡ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 0.91 ಬಾರ್, ಅದಕ್ಕೆ ಮೀಟರಿಗೆ ಮುಂಚಿನ ರೆಗ್ಯುಲೇಟರ್ ಕೊಡುವ 30 ಮಿಲಿಬಾರ್ ಸೇರಿದೆ. ಡಕ್ಟ್‌ನ ಉಷ್ಣತೆಯನ್ನು 25 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿದಿದ್ದೇವೆ, ಅದೇ 298 ಕೆಲ್ವಿನ್. ಪ್ರೊಪೇನಿನ ಅಣುತೂಕ 44, ಬ್ಯೂಟೇನಿನದು 58. ಎಲ್‌ಪಿಜಿ ಇವೆರಡರ ಮಿಶ್ರಣವಾದ್ದರಿಂದ ಸರಾಸರಿ 52 ಇಟ್ಟುಕೊಂಡಿದ್ದೇವೆ. 0.08314 ಎಲ್ಲ ಅನಿಲಗಳಿಗೂ ಒಂದೇ ಆಗಿರುವ ಸ್ಥಿರಾಂಕ.

ಇದೇ ಮೀಟರನ್ನೂ ಇದೇ ರೆಗ್ಯುಲೇಟರನ್ನೂ ಮಂಗಳೂರಿನಲ್ಲಿ 28 ಡಿಗ್ರಿಯಲ್ಲಿ ಇಟ್ಟರೆ ಲೆಕ್ಕ ಸುಮಾರು 2.17 ಬರುತ್ತದೆ. ಎತ್ತರದ ಊರಿನಲ್ಲಿ ಗ್ಯಾಸ್ ತೆಳು. ಹಾಗಾಗಿ ಕರಾವಳಿಗೆ ಹೊಂದುವ ಅಂಕಿಯನ್ನು ಇಲ್ಲಿ ಹಾಕಿದರೆ ಪ್ರತಿ ಮನೆಯೂ ಉರಿಸದ ಗ್ಯಾಸಿಗೆ ಹಣ ಕೊಟ್ಟಂತೆ. ಕೆಲವು ಕಟ್ಟಡಗಳ ಬಿಲ್‌ನಲ್ಲಿ 2.5ರ ಆಸುಪಾಸಿನ ಅಂಕಿ ಕಾಣುತ್ತದೆ. ಮೀಟರಿಗೆ 300 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಬಂದು, ಒತ್ತಡ ಇಳಿಸುವ ರೆಗ್ಯುಲೇಟರ್ ಮೀಟರಿನ ನಂತರ ಇದ್ದರೆ ಅದು ಸರಿ. ನಮ್ಮಲ್ಲಿ ರೆಗ್ಯುಲೇಟರ್ ಮೀಟರಿಗೆ ಮುಂಚೆಯೇ ಇದೆ. ಮುಂದೆ ಯಾರಾದರೂ ಪೈಪ್ ಕೆಲಸ ಮಾಡುವಾಗ ಈ ಎರಡರ ಜಾಗ ಅದಲುಬದಲಾದರೆ ಪರಿವರ್ತನಾಂಕವನ್ನೂ ಬದಲಿಸಲೇಬೇಕು.

ಸೂತ್ರ ಸರಿಯೇ? ಗ್ಯಾಸ್ ಬ್ಯಾಂಕಿನ ತೂಕದಿಂದ ತಾಳೆ

ಬರೀ ಸೂತ್ರ ನಂಬಿ ಬಿಲ್ ಮಾಡಿಲ್ಲ. ಜೂನ್ 1ರಂದು ಬ್ಯಾಂಕಿನಲ್ಲಿದ್ದ ಗ್ಯಾಸ್ 402 ಕೆಜಿ. ತಿಂಗಳಲ್ಲಿ ಬಂದ 47.5 ಕೆಜಿಯ 12 ಸಿಲಿಂಡರ್‌ಗಳಿಂದ 570 ಕೆಜಿ. ಜುಲೈ 1ರಂದು ತೂಗಿದಾಗ ಉಳಿದದ್ದು 364.5 ಕೆಜಿ. ಖರ್ಚಾದದ್ದು 607.5 ಕೆಜಿ. ಎಲ್ಲ 64 ಮೀಟರ್‌ಗಳ ಬಳಕೆ ಕೂಡಿದರೆ 301.26 ಘನ ಮೀಟರ್, 1.97ರಂತೆ 593.48 ಕೆಜಿ. ಕೊರತೆ 14.02 ಕೆಜಿ.

ಇದರಲ್ಲಿ 9.6 ಕೆಜಿ ಎಲ್ಲಿ ಹೋಯಿತೆಂದು ಗೊತ್ತಿದೆ: ವಾಪಸ್ ಕಳಿಸಿದ 12 ಸಿಲಿಂಡರ್‌ಗಳ ತಳದಲ್ಲಿ ತಲಾ 0.8 ಕೆಜಿ ಉಳಿದಿತ್ತು. ಆವಿಯಾಗಿ ಹೊರಬರುವ ಸಿಲಿಂಡರಿನಲ್ಲಿ ಹಗುರವಾದ ಪ್ರೊಪೇನ್ ಮೊದಲು ಹೋಗುತ್ತದೆ, ಭಾರದ ಬ್ಯೂಟೇನ್ ಕೊನೆಗೆ ಉಳಿಯುತ್ತದೆ. ಒತ್ತಡ ಇಳಿದ ಮೇಲೆ ಅದು ಪೈಪಿಗೆ ಏರುವುದಿಲ್ಲ. ಹಣ ಕೊಟ್ಟಿದ್ದೇವೆ, ಒಲೆಗೆ ಬಂದಿಲ್ಲ. ಇನ್ನುಳಿದ 4.42 ಕೆಜಿ, ಅಂದರೆ ಬಳಕೆಯ 0.75%, ಮೀಟರ್‌ಗಳ ಅಳತೆಯ ಏರುಪೇರಿನೊಳಗೇ ಬರುತ್ತದೆ. ಈ ಭಾಗ 2% ದಾಟಿದ ತಿಂಗಳು ಬಿಲ್ ಹಂಚುವ ಮೊದಲು ಇಡೀ ಲೈನಿನ ಸೋರಿಕೆ ಪರೀಕ್ಷೆ ಮಾಡಿಸುತ್ತೇವೆ.

14.02 ಕೆಜಿಯನ್ನು ತಲಾ ಫ್ಲ್ಯಾಟಿಗೆ ಸಮವಾಗಿ ಹಂಚಿಲ್ಲ, ಬಳಕೆಯ ಅನುಪಾತದಲ್ಲಿ ಹಂಚಿದ್ದೇವೆ. ಬೀಗ ಹಾಕಿದ ಮನೆ ಸಿಲಿಂಡರ್ ಖಾಲಿ ಮಾಡಿಲ್ಲ, ಅದರ ತಳದ ಖರ್ಚೂ ಆ ಮನೆಯದಲ್ಲ.

₹287.04 ಯಾವುದರದ್ದು

ಏಪ್ರಿಲ್ 1ರಿಂದ ಬಿಲ್ಲಿಂಗ್ ಸಂಘದ ಕೈಗೆ ಬಂತು. ಆಗ ಹಳೆಯ ಶೀಟಿನಲ್ಲಿದ್ದ 2.30 ಅನ್ನು ತಾಳೆ ನೋಡದೆ ಹಾಗೆಯೇ ಮುಂದುವರಿಸಿದ್ದು ಸಮಿತಿಯ ತಪ್ಪು. ಏಪ್ರಿಲ್ ಮತ್ತು ಮೇ ಸೇರಿ ನಿಮ್ಮ ಬಳಕೆ 10.58 ಘನ ಮೀಟರ್. ಪ್ರತಿ ಘನ ಮೀಟರಿಗೆ 0.33 ಕೆಜಿಯಂತೆ 3.49 ಕೆಜಿ ಹೆಚ್ಚು ಬರೆದಿದ್ದೆವು. ಆ ಎರಡು ತಿಂಗಳ ತಳ ಉಳಿಕೆಯ ನಿಮ್ಮ ಪಾಲು 0.50 ಕೆಜಿ ಆಗ ಬೇರೆಯಾಗಿ ಹಾಕಿರಲಿಲ್ಲ, ಅದನ್ನು ಕಳೆದರೆ 2.99 ಕೆಜಿ. ದರ ಆಗಲೂ ಕೆಜಿಗೆ ₹96 ಇತ್ತು. ಏಪ್ರಿಲ್‌ಗೆ ಹಿಂದಿನ ಹಣ ಸಂಘಕ್ಕೆ ಬಂದದ್ದಲ್ಲವಾದ್ದರಿಂದ ಈ ಬಿಲ್‌ನಲ್ಲಿ ಸೇರಿಲ್ಲ.

ಕೆಜಿಗೆ ₹96

47.5 ಕೆಜಿ ಸಿಲಿಂಡರ್ ಬ್ಯಾಂಕಿಗೆ ಬಂದು ನಿಲ್ಲುವಾಗ ತೆರಿಗೆ, ಸಾಗಣೆ ಸೇರಿ ₹4,560. ಅದನ್ನು 47.5ರಿಂದ ಭಾಗಿಸಿದರೆ 96. ಇದರ ಮೇಲೆ ಸಂಘ ಏನನ್ನೂ ಸೇರಿಸುವುದಿಲ್ಲ. ನಮ್ಮದು ವಾಣಿಜ್ಯ ಸಿಲಿಂಡರ್, ಆದ್ದರಿಂದ 14.2 ಕೆಜಿ ಗೃಹಬಳಕೆ ಸಿಲಿಂಡರಿನ ದರ ಇಲ್ಲಿ ಸಿಗುವುದಿಲ್ಲ. ತೂಕದ ಅಂದಾಜಿಗಷ್ಟೇ ಹೇಳುವುದಾದರೆ, ಈ ತಿಂಗಳು ನೀವು ಉರಿಸಿದ್ದು ಅಂಥ ಸಿಲಿಂಡರಿನ ಮುಕ್ಕಾಲು ಭಾಗಕ್ಕೆ ತುಸು ಕಡಿಮೆ.

ನೈಸರ್ಗಿಕ ಅನಿಲದ ಪೈಪ್ ಇರುವ ಬಂಧುಗಳ ಬಿಲ್‌ನೊಂದಿಗೆ ಘನ ಮೀಟರ್‌ಗಳನ್ನು ಹೋಲಿಸಬೇಡಿ. ಒಂದು ಘನ ಮೀಟರ್ ಎಲ್‌ಪಿಜಿ ಆವಿಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಶಾಖ ಇದೆ. ಅವರ ಅಂಕಿ ದೊಡ್ಡದಿರುವುದು ಸಹಜ.

ಸ್ಥಿರ ಶುಲ್ಕಗಳು

ಒಲೆ ಹಚ್ಚದಿದ್ದರೂ ತಿಂಗಳಿಗೆ ₹123.75 ಬರುತ್ತದೆ. ಹೆಚ್ಚು ದೂರು ಬರುವುದೂ ಇದರ ಬಗ್ಗೆಯೇ.

ಮೀಟರ್ ಸಂಘದ್ದಲ್ಲ, ಪೈಪ್ ಹಾಕಿದ ಗುತ್ತಿಗೆದಾರರದ್ದು. ₹50 ಅವರಿಗೆ ಸಂದಾಯವಾಗುವ ಬಾಡಿಗೆ. ಮೀಟರ್ ಕೆಟ್ಟರೆ ಬದಲಿಸುವ ಖರ್ಚು ಅವರದು, ಬಿದ್ದು ಒಡೆದರೆ ಅಥವಾ ಸೀಲ್ ಕಿತ್ತಿದ್ದರೆ ಮನೆಯವರದು. ನಿರ್ವಹಣೆಯ ವಾರ್ಷಿಕ ಒಪ್ಪಂದ ₹48,000, 18% ಜಿಎಸ್‌ಟಿ ಸೇರಿ ₹56,640. ಅದನ್ನು 12 ತಿಂಗಳಿಗೂ 64 ಮನೆಗೂ ಹಂಚಿದರೆ ₹73.75. ಪ್ರತಿ ತಿಂಗಳು ಕೀಲುಗಳಿಗೆ ಸಾಬೂನು ನೀರು ಹಚ್ಚಿ ನೋಡುವುದು, ರೆಗ್ಯುಲೇಟರ್ ಒತ್ತಡ ಅಳೆಯುವುದು, ಬ್ಯಾಂಕಿನ ಸೋರಿಕೆ ಡಿಟೆಕ್ಟರ್ ಪರೀಕ್ಷೆ, ವರ್ಷಕ್ಕೊಮ್ಮೆ ಇಡೀ ಲೈನಿನ ಒತ್ತಡ ಪರೀಕ್ಷೆ ಇದರಲ್ಲಿ ಸೇರಿವೆ. ಬೀಗ ಹಾಕಿದ ಮನೆಯ ಗೋಡೆಯೊಳಗೂ ಗ್ಯಾಸ್ ತುಂಬಿದ ಪೈಪ್ ಹಾದುಹೋಗಿರುವುದರಿಂದ ಈ ಶುಲ್ಕಕ್ಕೆ ವಿನಾಯಿತಿ ಇಲ್ಲ.

ವಾಲ್ವ್‌ನಿಂದ ಒಲೆಯವರೆಗಿನ ರಬ್ಬರ್ ಹೋಸ್ ಇದರಲ್ಲಿ ಸೇರಿಲ್ಲ. ಅದು ನಿಮ್ಮ ಹೊಣೆ. 5 ವರ್ಷ ಆಗಿದ್ದರೆ, ಅಥವಾ ಮಡಚಿದಲ್ಲಿ ಬಿರುಕು ಕಂಡರೆ ಅದಕ್ಕೂ ಮುಂಚೆಯೇ, ಬದಲಿಸಿ.

ಬಿಲ್ ಹೆಚ್ಚು ಅನಿಸಿದರೆ

ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಎಲ್ಲ ನಾಬ್ ಮುಚ್ಚಿ, ಗೋಡೆಯ ವಾಲ್ವ್ ತೆರೆದೇ ಇಟ್ಟು, ಮೀಟರಿನ ಕೆಂಪು ಅಂಕೆಗಳನ್ನು ಬರೆದುಕೊಳ್ಳಿ. 30 ನಿಮಿಷ ಬಿಟ್ಟು ನೋಡಿದಾಗ ಕೊನೆಯ ಅಂಕೆ ಕದಲಿದ್ದರೆ ಮೀಟರಿನಾಚೆ ಸೋರಿಕೆ ಇದೆ. ಕೂಡಲೇ ವಾಲ್ವ್ ಮುಚ್ಚಿ ತಿಳಿಸಿ. ಕದಲದಿದ್ದರೆ ಇನ್ನೊಂದು ಪರೀಕ್ಷೆ: ದೊಡ್ಡ ಬರ್ನರ್ ಒಂದನ್ನೇ ಪೂರ್ಣ ಉರಿಯಲ್ಲಿ 10 ನಿಮಿಷ ಇಡಿ. ಮೀಟರ್ ಸುಮಾರು 10ರಿಂದ 15 ಲೀಟರ್ ತೋರಿಸಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ ಮೀಟರ್ ಪರೀಕ್ಷೆಗೆ ಬರೆದುಕೊಡಿ. ಒಲೆ ಉರಿಯುತ್ತಿದ್ದೂ ಅಂಕೆ ಓಡದಿದ್ದರೆ ಅದನ್ನೂ ಹೇಳಿ. ಮೀಟರ್ ನಿಂತ ತಿಂಗಳಿಗೆ ಹಿಂದಿನ 3 ತಿಂಗಳ ಸರಾಸರಿಯಂತೆ ಬಿಲ್ ಬರುತ್ತದೆ.

ಗ್ಯಾಸ್ ವಾಸನೆ ಬಂದರೆ ಈ ಪರೀಕ್ಷೆಗಳಿಗೆ ನಿಲ್ಲಬೇಡಿ. ವಾಲ್ವ್ ಮುಚ್ಚಿ, ಬಾಲ್ಕನಿ ಬಾಗಿಲು ಅಗಲ ತೆರೆಯಿರಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡುತ್ತದೆ, ಹಾಗಾಗಿ ಕಿಟಕಿಯಷ್ಟೇ ತೆರೆದರೆ ಸಾಲದು. ಲೈಟ್, ಫ್ಯಾನ್, ಚಿಮಣಿ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹೊರಗೆ ಬಂದು ಸೆಕ್ಯುರಿಟಿಗೆ ಹೇಳಿ, 1906ಕ್ಕೆ ಕರೆ ಮಾಡಿ.

ಪಾವತಿ

ಸಂಘದ ಖಾತೆಗೆ ಯುಪಿಐ ಮೂಲಕ, ಅಥವಾ ಕಚೇರಿಯಲ್ಲಿ ಬೆಳಿಗ್ಗೆ 10ರಿಂದ 1ರವರೆಗೆ ಚೆಕ್ ಮೂಲಕ. ಷರಾದಲ್ಲಿ ‘ಬಿ-304 ಗ್ಯಾಸ್ ಜೂನ್’ ಎಂದು ಬರೆಯಿರಿ. ಫ್ಲ್ಯಾಟ್ ಸಂಖ್ಯೆ ಇಲ್ಲದೆ ಬಂದ ಹಣ ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ. 15 ಜುಲೈ ದಾಟಿದರೆ ₹50 ವಿಳಂಬ ಶುಲ್ಕ. ಎರಡು ಬಿಲ್ ಬಾಕಿ ಉಳಿದರೆ 15 ದಿನದ ಲಿಖಿತ ನೋಟಿಸ್ ಕೊಟ್ಟ ನಂತರವೇ ಡಕ್ಟ್‌ನಲ್ಲಿ ವಾಲ್ವ್ ಮುಚ್ಚುತ್ತೇವೆ. ಹಾಗೆ ಮುಚ್ಚಿದ್ದನ್ನು ದಯವಿಟ್ಟು ನೀವೇ ತೆರೆಯಬೇಡಿ. ಒಲೆಯ ನಾಬ್ ತೆರೆದೇ ಉಳಿದಿದ್ದರೆ ಅಡುಗೆಮನೆ ತುಂಬ ಗ್ಯಾಸ್ ಹರಡುತ್ತದೆ. ಟೆಕ್ನಿಷಿಯನ್ ಬಂದು ನಾಬ್ ನೋಡಿ ತೆರೆಯುತ್ತಾರೆ, ಅದಕ್ಕೆ ಶುಲ್ಕವಿಲ್ಲ.

64 ಮನೆಗಳ ರೀಡಿಂಗ್ ಮತ್ತು ಸಿಲಿಂಡರ್ ತೂಕದ ಪಟ್ಟಿ ಕಚೇರಿಯ ಫಲಕದಲ್ಲಿದೆ. ಕೂಡಿ ನೋಡಿ, ತಪ್ಪು ಕಂಡರೆ ಜುಲೈ 12ರೊಳಗೆ ಬರೆದುಕೊಡಿ. ಮುಂದಿನ ರೀಡಿಂಗ್ 1 ಆಗಸ್ಟ್ 2025, ಬೆಳಿಗ್ಗೆ 7ರಿಂದ 9.