ಅರವತ್ತು ಸುತ್ತು

ಸಂಜೆ ಡಿಪ್ಲೊಮಾ ಕ್ಲಾಸು ಬಿಡುವುದು ಒಂಬತ್ತಕ್ಕೆ. ಹತ್ತಕ್ಕೆ ಬೆಳಗಾವಿಯ ಉದ್ಯಮಬಾಗಿನ ಫೌಂಡ್ರಿಯಲ್ಲಿ ನನ್ನ ಪಾಳಿ. ನಡುವೆ ಒಂದು ಚಹಾ, ಎರಡು ಪಾವ್.

ಇಂಡಕ್ಷನ್ ಮೋಟಾರಿನ ಪಾಠ ಓದುತ್ತಿರುವುದು ಇದು ಐದನೇ ಸಲ. ‘ಸ್ಲಿಪ್’ ಅನ್ನುವಲ್ಲಿಗೆ ಬಂದರೆ ಸಾಕು, ತಲೆ ನಿಂತುಬಿಡುತ್ತಿತ್ತು. ನಾಲ್ಕು ಪೋಲಿನ ಮೋಟಾರಿನಲ್ಲಿ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದಂತೆ. ಒಳಗೆ ತಿರುಗುವ ಭಾಗ, ರೋಟರ್, ಮಾತ್ರ ಅದಕ್ಕಿಂತ ಹಿಂದೆಯೇ ಉಳಿಯಬೇಕಂತೆ. ಯಾಕೆ? ಸುಮ್ನೆ ಬಾಯಿಪಾಠ ಮಾಡಿದ್ದೆ.

ರಾತ್ರಿ ಎರಡೂವರೆ. ಎರಕ ಹೊಯ್ದ ಅಚ್ಚುಗಳು ಆರಲಿ ಎಂದು ಬಿಟ್ಟಿದ್ದೆವು. ಬ್ಲೋವರ್ ಮೋಟಾರಿನ ಪಕ್ಕ ಕೂತು ಪುಸ್ತಕ ತೆರೆದೆ.

“ಏನ್ ಓದಾಕತ್ತೀಯೋ ತಮ್ಮಾ?”

“ಈ ಮೋಟಾರಿಂದ ರೀ ಕಾಕಾ.”

“ಅದರ ಮೈಮ್ಯಾಲೇ ಬರದೈತಲ್ಲೋ!”

ಚಿಂದಿಯಿಂದ ಮಸಿ ಒರೆಸಿದೆ. ತಗಡಿನ ಪಟ್ಟಿಯ ಮೇಲೆ 1440 ಅಂತಿತ್ತು.

1500 ಅಲ್ಲ. ಅರವತ್ತು ಕಡಿಮೆ, ಅಂದರೆ ನೂರಕ್ಕೆ ನಾಲ್ಕು. ಇದೇ ಆ ಸ್ಲಿಪ್. ಮತ್ತೆ ಅದೇ ಪುಟ. ರೋಟರ್ ಕ್ಷೇತ್ರವನ್ನು ಹಿಡಿದೇಬಿಟ್ಟರೆ? ಎರಡೂ ಜೊತೆಗೇ ತಿರುಗುತ್ತವೆ. ರೋಟರಿನ ಸರಳುಗಳನ್ನು ಕ್ಷೇತ್ರ ಹಾಯುವುದೇ ಇಲ್ಲ. ಹಾಯದಿದ್ದರೆ ಅವುಗಳಲ್ಲಿ ಕರೆಂಟಿಲ್ಲ. ಕರೆಂಟಿಲ್ಲದೆ ತಿರುಗಿಸುವ ಬಲವೂ ಇಲ್ಲ. ತಿರುಗುತ್ತಿರಬೇಕಾದರೆ ಹಿಂದೆ ಬೀಳಲೇಬೇಕು, ಅಲ್ವಾ! ಇಷ್ಟನ್ನೇ ಪುಸ್ತಕದವರು ಒಂದೂವರೆ ಪುಟ ಎಳೆದಿದ್ದರು.

“ಕಾಕಾ, ಇದು ಯಾಕ ತಿರುಗ್ತೈತಿ ಗೊತ್ತೇನ್ರಿ?”

“ಮಾಲಕರು ಬಿಲ್ ಕಟ್ಟ್ಯಾರ, ತಿರುಗ್ತೈತಿ. ಏಳು, ಅಚ್ಚು ಆರ್ಯಾವು.”