ಮೂರೂ ಕೋನವ ಕೂಡಿಸಿ ನೋಡು: ಎಂಟನೇ ತರಗತಿಗೆ ತ್ರಿಭುಜದ ಪದ

ಮಕ್ಕಳೇ, ಈ ಪದವನ್ನು ಚಪ್ಪಾಳೆ ಹೊಡೆದು ಹೇಳಬೇಕು. ಒಂದು ಸಾಲಿಗೆ ನಾಲ್ಕು ಚಪ್ಪಾಳೆ. ಎಡಗಡೆ ಬೆಂಚಿನವರು ಮೊದಲ ಎರಡು ಸಾಲು, ಬಲಗಡೆಯವರು ಮುಂದಿನ ಎರಡು ಸಾಲು. ಪಲ್ಲವಿ ಮಾತ್ರ ಎಲ್ಲರೂ ಒಟ್ಟಿಗೆ. ಲೆಕ್ಕವನ್ನು ಪದ್ಯದಲ್ಲಿ ಹೇಳುವುದು ನಮ್ಮ ಕಡೆ ಹೊಸದೇನಲ್ಲ. ಹೊಯ್ಸಳರ ಕಾಲದಲ್ಲಿ, 12ನೇ ಶತಮಾನದಲ್ಲೇ, ರಾಜಾದಿತ್ಯ ಎಂಬ ಕವಿ ಕನ್ನಡದಲ್ಲಿ ಪದ್ಯ ಕಟ್ಟಿ ಗಣಿತ ಹೇಳಿದ್ದ. ಬೇಲೂರು, ಹಳೇಬೀಡಿನ ಪಕ್ಕದಲ್ಲೇ ಇರುವ ನಮಗೆ ಇದು ಇನ್ನೂ ಹತ್ತಿರದ ವಿಷಯ.

ಪಲ್ಲವಿ

ಮೂರೂ ಕೋನವ ಕೂಡಿಸಿ ನೋಡು
ನೂರೆಂಬತ್ತೇ ಬರುವುದು ನೋಡು
ಹಿಗ್ಗಲಿ ಕುಗ್ಗಲಿ ತ್ರಿಭುಜದ ಗಾತ್ರ
ಜಗ್ಗದು ಎಂದೂ ಮೊತ್ತವು ಮಾತ್ರ

ಇಡೀ ಪದದಲ್ಲಿ ನಿಜವಾಗಿ ಬಾಯಿಪಾಠ ಆಗಬೇಕಾದದ್ದು ಇದೊಂದೇ. ಮುಂದೆ ಬರುವ ಸಾಲುಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ ಹುಟ್ಟುತ್ತವೆ. ಮರೆತರೂ ಈ ನಾಲ್ಕು ಸಾಲು ಹಿಡಿದು ವಾಪಸ್ ಬರಬಹುದು.

ಕಳೆದ ವರ್ಷ ಒಬ್ಬ ಹುಡುಗಿ ಕೋನಮಾಪಕ ಇಟ್ಟು ಅಳೆದು, 183° ಬಂತು ಸರ್, ಪುಸ್ತಕ ತಪ್ಪು ಅಂದಳು. ಅವಳು ಕೇಳಿದ್ದು ನನಗೆ ತುಂಬಾ ಇಷ್ಟವಾಯಿತು. ಪೆನ್ಸಿಲ್ ಗೆರೆ ದಪ್ಪ ಇತ್ತು, ಕೋನಮಾಪಕದ ನಡು ಚುಕ್ಕೆ ಶೃಂಗದ ಮೇಲೆ ಸರಿಯಾಗಿ ಕೂತಿರಲಿಲ್ಲ. ಅದಕ್ಕೇ ಅಳತೆಯನ್ನು ನಂಬಿ ಕೂರಬಾರದು, ಕಾರಣ ಬೇಕು. ಆವತ್ತು ಅವಳ ಕೈಯಲ್ಲೇ ಹಳೇ ಪೇಪರಿನಿಂದ ಒಂದು ತ್ರಿಭುಜ ಕತ್ತರಿಸಿಸಿದೆ. ಮೂರು ಮೂಲೆಗಳನ್ನು ಹರಿದು, ಮೂರೂ ಚೂಪು ತುದಿಗಳನ್ನು ಒಂದೇ ಚುಕ್ಕೆಗೆ ತಾಗಿಸಿ ಜೋಡಿಸಿದಳು. ಕೆಳಗಿನ ಅಂಚು ಸ್ಕೇಲ್ ಇಟ್ಟ ಹಾಗೆ ನೇರ ಬಂತು. ನೇರ ಗೆರೆ ಅಂದರೆ ಸರಳಕೋನ, 180°.

ಪರೀಕ್ಷೆಯಲ್ಲಿ ಪೇಪರ್ ಹರಿಯುವ ಹಾಗಿಲ್ಲ ಅಲ್ವಾ? ಅಲ್ಲಿ ಹೀಗೆ ಸಾಧಿಸಿ: ಮೇಲಿನ ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಪಾದದ ಎರಡು ಕೋನಗಳು ಪರ್ಯಾಯ ಕೋನಗಳಾಗಿ ಮೇಲಕ್ಕೆ ಹತ್ತಿ, ಶೃಂಗಕೋನದ ಆಚೆ ಈಚೆ ಕೂರುತ್ತವೆ. ಮೂರೂ ಸೇರಿ ಒಂದು ನೇರ ಗೆರೆ ತುಂಬಿತು. ಅಷ್ಟೇ ಸಾಧನೆ.

ಬಾಹು ನೋಡಿ ಹೆಸರು

ಮೂರೂ ಬಾಹುಗಳಳತೆಯು ಒಂದೇ
ಅರವತ್ತರವತ್ತರವತ್ತೆಂದೇ
ಸಮಬಾಹುವಿನಲಿ ಭೇದವೆ ಇಲ್ಲ
ಸಮವೇ ಬಾಹುವು, ಕೋನಗಳೆಲ್ಲ

ಶಿರಾಡಿ ಘಾಟಿಯಲ್ಲಿ ತಿರುವು ಬರುವ ಮುಂಚೆ ಕೆಂಪು ಅಂಚಿನ ಬೋರ್ಡ್ ಇರುತ್ತದಲ್ಲ, ಅದು ಸಮಬಾಹು ತ್ರಿಭುಜ. ಬೋರ್ಡ್ ಚಿಕ್ಕದಿರಲಿ, ದೊಡ್ಡದಿರಲಿ, ಮೂಲೆಗೆ 60° ತಪ್ಪುವುದಿಲ್ಲ. 180ನ್ನು ಮೂವರಿಗೆ ಸಮ ಹಂಚಿದ್ದು.

ಎರಡೇ ಬಾಹುಗಳಳತೆಯು ಒಂದೇ
ಎರಡರ ಎದುರಿನ ಕೋನವು ಒಂದೇ
ಸಮದ್ವಿಬಾಹುವು ಹೆಂಚಿನ ಮಾಡು
ಸಮವಿದೆ, ಪಾದದ ಕೋನವ ನೋಡು

ಹೆಂಚಿನ ಮನೆಯನ್ನು ಮುಂದೆ ನಿಂತು ನೋಡಿ. ಎರಡು ಇಳಿಜಾರು ಒಂದೇ ಉದ್ದ. ಗೋಡೆಯ ಮೇಲೆ ಕೂರುವ ಎರಡು ಮೂಲೆಗಳೂ ಒಂದೇ. ನೆತ್ತಿಯ ಕೋನ 110° ಇದ್ದರೆ ಉಳಿದದ್ದು 70°, ಅರ್ಧ ಮಾಡಿ, ತಲಾ 35°. ನೆತ್ತಿ ಚೂಪಾದಷ್ಟೂ ಪಾದದ ಕೋನ ದೊಡ್ಡದಾಗುತ್ತದೆ, ಮಳೆ ನೀರು ಬೇಗ ಜಾರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಅಂಕ ಜಾಸ್ತಿ ಹೋಗುವುದು ಇಲ್ಲೇ. "ಒಂದು ಸಮದ್ವಿಬಾಹು ತ್ರಿಭುಜದ ಒಂದು ಕೋನ 50°. ಉಳಿದವು ಎಷ್ಟು?" ಅಂತ ಕೇಳಿದರೆ ಅರ್ಧ ತರಗತಿ 65°, 65° ಬರೆದು ಪೆನ್ನು ಮುಚ್ಚುತ್ತದೆ. ಆ 50° ನೆತ್ತಿಯದೋ ಪಾದದ್ದೋ ಯಾರು ಹೇಳಿದರು? ನೆತ್ತಿಯದಾದರೆ 65°, 65°. ಪಾದದ್ದಾದರೆ ಇನ್ನೊಂದು ಪಾದಕ್ಕೂ 50°, ನೆತ್ತಿಗೆ 80°. ಎರಡು ಉತ್ತರ, ಎರಡೂ ಸರಿ. ಅದೇ 100° ಅಂತ ಕೊಟ್ಟರೆ? ಪಾದದಲ್ಲಿ ಎರಡು 100° ಇಟ್ಟರೆ ಅಲ್ಲೇ 200 ಆಯಿತು, ಪಲ್ಲವಿ ಒಪ್ಪುವುದಿಲ್ಲ. ಹಾಗಾಗಿ 100° ನೆತ್ತಿಗೇ ಸೇರಬೇಕು, ಉಳಿದವು 40°, 40°. ಉತ್ತರ ಒಂದೇ.

ಬಾಹುಗಳಸಮವು, ಕೋನಗಳಸಮವು
ಒಂದರ ಹಾಗಿನ್ನೊಂದೇ ಇಲ್ಲ
ದೊಡ್ಡದು ಬಾಹುವು ಯಾವುದು, ಕೇಳು
ದೊಡ್ಡದು ಕೋನವು ಎದುರಿಗೆ, ಹೇಳು

ಇದು ಅಸಮಬಾಹು ತ್ರಿಭುಜ. ಹಳ್ಳದ ಪಕ್ಕದ ಮೂಲೆ ಗದ್ದೆ ಇದ್ದ ಹಾಗೆ. ಕೊನೆಯ ಎರಡು ಸಾಲು ಎಲ್ಲ ತ್ರಿಭುಜಕ್ಕೂ ಸಲ್ಲುತ್ತವೆ. ಇಲ್ಲಿ ಮೂರೂ ಬೇರೆ ಬೇರೆ ಇರುವುದರಿಂದ ಕಣ್ಣಿಗೆ ಬೇಗ ಕಾಣುತ್ತದೆ, ಅದಕ್ಕೆ ಇಲ್ಲಿ ಸೇರಿಸಿದೆ. "ಎದುರಿಗೆ" ಅನ್ನುವಾಗ ಬೆರಳಿನಿಂದ ಬಾಹುವನ್ನು ಮುಟ್ಟಿ, ಅದು ತಾಗದೇ ಇರುವ ಶೃಂಗದ ಕಡೆ ತೋರಿಸಿ.

ಕೋನ ನೋಡಿ ಹೆಸರು

ತೊಂಬತ್ತೊಳಗೇ ಮೂರೂ ಇದ್ದರೆ
ಲಘುಕೋನವದೇ, ತಪ್ಪದು ಬರೆದರೆ

ಎರಡೇ ಸಾಲು ಸಾಕು. "ಮೂರೂ" ಎಂಬ ಮಾತಿನ ಮೇಲೆ ಚಪ್ಪಾಳೆ ಜೋರಾಗಿ ಬೀಳಲಿ. ಒಂದು ಲಘುಕೋನ ಕಂಡ ಕೂಡಲೇ ಲಘುಕೋನ ತ್ರಿಭುಜ ಅನ್ನಬೇಡಿ, ಯಾವ ತ್ರಿಭುಜದಲ್ಲಾದರೂ ಕಡಿಮೆ ಅಂದರೂ ಎರಡು ಲಘುಕೋನ ಇದ್ದೇ ಇರುತ್ತವೆ.

ಒಂದೇ ತೊಂಬತ್ತಾಗಿರೆ ಲಂಬ
ಎದುರಿನ ವಿಕರ್ಣ ಉದ್ದದ ಕಂಬ
ಉಳಿದೆರಡೂ ಸಹ ಪೂರಕ ಜೋಡಿ
ಕಳೆ ತೊಂಬತ್ತರೊಳೊಂದನು ನೋಡಿ

ಮೆಣಸು ಕೊಯ್ಯುವಾಗ ಸಿಲ್ವರ್ ಮರಕ್ಕೆ ಬಿದಿರಿನ ಏಣಿ ಒರಗಿಸುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಮರ ನೆಟ್ಟಗೆ, ನೆಲ ಮಟ್ಟಸ, ಬುಡದಲ್ಲಿ 90°. ಏಣಿಯೇ ವಿಕರ್ಣ. ಏಣಿಯ ಬುಡ ನೆಲದ ಜೊತೆ 70° ಮಾಡಿದರೆ ತುದಿ ಮರದ ಜೊತೆ 20° ಮಾಡುತ್ತದೆ. ಬುಡವನ್ನು ಸ್ವಲ್ಪ ಹೊರಗೆ ಜರುಗಿಸಿ 60° ಮಾಡಿದರೆ ತುದಿಯಲ್ಲಿ 30°. ಒಂದು ಎಷ್ಟು ಕಡಿಮೆಯಾಯಿತೋ ಇನ್ನೊಂದು ಅಷ್ಟೇ ಏರಿತು. 180ರಲ್ಲಿ 90 ಬುಡದ ಪಾಲಿಗೆ ಹೋದ ಮೇಲೆ ಉಳಿಯುವುದು 90 ಮಾತ್ರ, ಆ ಇಬ್ಬರೂ ಅದನ್ನೇ ಹಂಚಿಕೊಳ್ಳಬೇಕು. ಅದಕ್ಕೇ ಪೂರಕ. ಇನ್ನು ಏಣಿ ಯಾಕೆ ಮೂರರಲ್ಲಿ ಉದ್ದ? 90° ಎಲ್ಲಕ್ಕಿಂತ ದೊಡ್ಡ ಕೋನ, ದೊಡ್ಡ ಕೋನದ ಎದುರಿಗೆ ದೊಡ್ಡ ಬಾಹು. ಹಿಂದಿನ ಪದ್ಯವೇ ಇಲ್ಲಿ ಕೆಲಸಕ್ಕೆ ಬಂತು.

ಬೇಲೂರು ದೇವಸ್ಥಾನದ ಜಗತಿ ನೋಡಿದ್ದೀರಿ, ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಹೊರಗೆ ಚಾಚಿದೆ. ಚೌಕವನ್ನು ತಿರುಗಿಸುತ್ತಾ ಹೋದರೆ ಅಂಥ ಆಕಾರ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಎರಡೇ ಚೌಕ ಬರೆಯಿರಿ, ಒಂದರ ನಡುವಿನ ಮೇಲೆ ಇನ್ನೊಂದರ ನಡು ಬರಲಿ, ಎರಡನೆಯದನ್ನು 45° ತಿರುಗಿಸಿ. ಎಂಟು ತುದಿಯ ನಕ್ಷತ್ರ ಸಿಗುತ್ತದೆ. ಪ್ರತಿ ತುದಿಯೂ ಒಂದು ಪುಟ್ಟ ತ್ರಿಭುಜ: 90°, 45°, 45°. ಲಂಬಕೋನವೂ ಹೌದು, ಸಮದ್ವಿಬಾಹುವೂ ಹೌದು.

ತೊಂಬತ್ತನು ದಾಟಿದ್ದರೆ ಒಂದು
ಎಂಬರು ವಿಶಾಲಕೋನವಿದೆಂದು
ಇನ್ನೆರಡಕ್ಕೂ ಜಾಗವು ಸಣ್ಣ
ಇನ್ನೂ ಒಂದಕೆ ಎಡೆಯಿಲ್ಲಣ್ಣ

ಒಂದು ವಿಶಾಲಕೋನ ಕೂತ ಮೇಲೆ ಇನ್ನೊಂದು ವಿಶಾಲಕೋನಕ್ಕೆ ಎಡೆ ಎಲ್ಲಿದೆ? 91 ಮತ್ತು 91 ಸೇರಿದರೇ 182. ಆಗಲೇ ಮೀರಿತು.

ಹೊರಕೋನ

ಪಾದವ ಎಳೆದರೆ ಹೊರಗಿನ ಕೋನ
ದೂರದ ಎರಡರ ಮೊತ್ತವೆ ಕಾಣಾ
ಪಕ್ಕದ ಕೋನದ ಲೆಕ್ಕವು ಗೊತ್ತು
ಒಟ್ಟಿಗೆ ಸೇರಲು ನೂರೆಂಬತ್ತು

ಪುಸ್ತಕದ ಭಾಷೆಯಲ್ಲಿ "ದೂರದ ಎರಡು" ಅಂದರೆ ಅಂತರಾಭಿಮುಖ ಕೋನಗಳು. "ಪಕ್ಕದ" ಅಂದರೆ ಸರಳಯುಗ್ಮ. ಪರೀಕ್ಷೆಯಲ್ಲಿ ಪುಸ್ತಕದ ಹೆಸರನ್ನೇ ಬರೆಯಿರಿ.

ಮತ್ತೆ ಏಣಿಯ ಹತ್ತಿರ ಹೋಗೋಣ. ಮರದ ಬುಡದಿಂದ ಏಣಿಯ ಬುಡದ ತನಕ ನೆಲದ ಮೇಲೆ ಕೋಲಿನಿಂದ ಗೆರೆ ಎಳೆಯಿರಿ, ನಿಲ್ಲಿಸದೆ ಆಚೆಗೂ ಎಳೆಯಿರಿ. ಆಚೆ ಕಡೆ ಏಣಿ ಮತ್ತು ನೆಲದ ನಡುವೆ ಹುಟ್ಟಿದ್ದೇ ಹೊರಕೋನ. ಒಳಗೆ 70° ಇದ್ದರೆ ಹೊರಗೆ 110°. ಈಗ ದೂರದ ಎರಡನ್ನು ಕೂಡಿ: ಮರದ ಬುಡದ 90°, ಏಣಿ ತುದಿಯ 20°. ಮೊತ್ತ 110°. ಎರಡು ದಾರಿಯಲ್ಲೂ ಒಂದೇ ಊರಿಗೆ ಬಂದೆವು. ಯಾಕೆ ಅಂದರೆ, 70ರ ಜೊತೆ ಸೇರಿ 180 ಮಾಡುವವರು ಇಬ್ಬರು: ಆಚೆ ಕಡೆಯ ಹೊರಕೋನ ಒಂದು, ಒಳಗಿನ ಉಳಿದ ಜೋಡಿ ಇನ್ನೊಂದು. ಇಬ್ಬರೂ ಅದೇ ಖಾಲಿಯನ್ನು ತುಂಬುವುದರಿಂದ ಇಬ್ಬರೂ ಸಮ.

ಎರಡು ಹೆಸರು ಸೇರಿಸುವ ಪದ್ಯ

ಬಾಹುವ ನೋಡುತ ಹೆಸರೊಂದುಂಟು
ಕೋನವ ನೋಡುತ ಹೆಸರೊಂದುಂಟು
ಮೂರ್ಮೂರೊಂಬತ್ತೆನ್ನದೆ ನೋಡು
ಏಳೇ ಉಳಿವುದು, ಎಣಿಕೆಯ ಮಾಡು

ಸಮದ್ವಿಬಾಹು ಲಘುವೂ ಆಗಬಹುದು, ಲಂಬವೂ ಆಗಬಹುದು, ವಿಶಾಲವೂ ಆಗಬಹುದು. ಅಸಮಬಾಹುವೂ ಹಾಗೇ. ಇಲ್ಲಿಗೆ ಆರು. ಸಮಬಾಹು ಮಾತ್ರ 60°ಕ್ಕೆ ಕಟ್ಟುಬಿದ್ದಿದೆ, ಅದಕ್ಕೆ ಲಘುಕೋನ ಒಂದೇ ಗತಿ. ಒಟ್ಟು ಏಳು. ಮೇಲೆ ಹೇಳಿದ ಹೆಂಚಿನ ಮಾಡು ಯಾವುದು? 110°, 35°, 35°. ವಿಶಾಲಕೋನ ಸಮದ್ವಿಬಾಹು.

ಸೋಮವಾರ ಮೊದಲ ಪೀರಿಯಡ್‌ಗೆ ಪ್ರತಿಯೊಬ್ಬರೂ ಏಳು ತ್ರಿಭುಜ ಬರೆದು ತನ್ನಿ. ಮೂಲೆಮಟ್ಟ, ಕೋನಮಾಪಕ ಬಳಸಿ. ಪ್ರತಿಯೊಂದರಲ್ಲೂ ಎರಡು ಕೋನವನ್ನು ಅಳೆಯಿರಿ, ಮೂರನೆಯದನ್ನು ಅಳೆಯದೆ ಪಲ್ಲವಿಯಿಂದ ಲೆಕ್ಕ ಹಾಕಿ ಬರೆಯಿರಿ. ಆಮೇಲೆ ಪಕ್ಕದವರು ಆ ಮೂರನೆಯದನ್ನು ಅಳೆದು ನೋಡಲಿ. ಒಂದೆರಡು ಡಿಗ್ರಿ ವ್ಯತ್ಯಾಸ ಬಂದರೆ ಪೆನ್ಸಿಲ್ ಚೂಪು ಮಾಡಿಕೊಂಡು ಇನ್ನೊಮ್ಮೆ ಬರೆಯಿರಿ.